‘ಏನ್ ಸಮಾಚಾರ?’ ಅಂತ ಕೇಳಿದರೆ ಏನು ಹೇಳಬೇಕು?

ಪುಣೆಯವಳು
ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದಿದ್ದು ಪುಣೆಯಲ್ಲಿ. ಅಪ್ಪ ಅಮ್ಮ ವಿಜಯಪುರದ ಕಡೆಯವರು, ಮನೆಯಲ್ಲಿ ಮಾತೆಲ್ಲ ಕನ್ನಡವೇ. ಐದು ತಿಂಗಳಿಂದ ಮೈಸೂರಿನಲ್ಲಿ ಕೆಲಸ ಮಾಡ್ತಾ ಇದ್ದೇನೆ. ಓದೋದು ಬರೆಯೋದನ್ನ ಇಲ್ಲಿಗೆ ಬಂದ ಮೇಲೆ ಕಲಿತೆ. ಭಾಷೆ ಅರ್ಥ ಆಗುತ್ತೆ, ಆದರೆ ಒಂದು ಜಾಗದಲ್ಲಿ ದಿನಾ ತಡವರಿಸುತ್ತೇನೆ.

ನಮ್ಮ ಆಫೀಸಿನಲ್ಲಿ ಒಬ್ಬ ಹಿರಿಯ ಸಹೋದ್ಯೋಗಿ ಇದ್ದಾರೆ, ತುಂಬಾ ಒಳ್ಳೆಯವರು. ಬೆಳಿಗ್ಗೆ ಎದುರಾದರೆ ‘ಏನ್ ಸಮಾಚಾರ?’ ಅಂತಾರೆ. ಮೊದಲ ಸಲ ನಿಜವಾಗಿಯೂ ಸುದ್ದಿ ಕೇಳ್ತಿದ್ದಾರೆ ಅಂದುಕೊಂಡು, ಪಿಜಿಯಲ್ಲಿ ಮೂರು ದಿನದಿಂದ ನೀರು ಇಲ್ಲದಿದ್ದದ್ದು, ಟ್ಯಾಂಕರ್ ಬರುತ್ತೆ ಅಂದು ಬಾರದಿದ್ದದ್ದು, ಎಲ್ಲ ಹೇಳಿದೆ. ಅವರು ಲಿಫ್ಟಿನ ಬಾಗಿಲನ್ನು ಕೈಯಲ್ಲಿ ತಡೆದುಕೊಂಡು ಪೂರ್ತಿ ಕೇಳಿಸಿಕೊಂಡರು, ಪಾಪ. ಮರುದಿನ ‘ಆರಾಮ್ರಿ’ ಅಂದೆ, ನಕ್ಕು ಹೋದರು. ಅದರ ಮರುದಿನ ‘ಏನಿಲ್ಲ’ ಅಂದೆ. ಅವರು ‘ಸರಿ’ ಅಂದರು, ಆಮೇಲೆ ನಾಲ್ಕನೇ ಮಹಡಿಯವರೆಗೂ ಇಬ್ಬರೂ ಸುಮ್ನೆ ನಿಂತಿದ್ದೆವು.

ಮೂರೂ ಸರಿ ಹೋಗಲಿಲ್ಲ. ಹಾಗಾದರೆ ಏನು ಹೇಳಬೇಕು? ನಾನೇ ಮೊದಲು ಕೇಳಬಹುದಾ, ಯಾರನ್ನು ಕೇಳಬಹುದು?

ಬೆಳಗಿನ ಬಿಸಿಲು
ಶುಭೋದಯ ಅಂತ ಹೇಳಿ ಮೇಡಂ. ಇಲ್ಲಾಂದ್ರೆ ನಮಸ್ಕಾರ. ನಮ್ಮ ಶುದ್ಧ ಕನ್ನಡದಲ್ಲಿ ಬೆಳಿಗ್ಗೆ ಹೇಳೋ ಮಾತು ಅದೇ. ಮಧ್ಯಾಹ್ನ ಆದರೆ ಶುಭ ಮಧ್ಯಾಹ್ನ. ನಾನು ದಿನಾ ನಮ್ಮ ಬಡಾವಣೆಯ ಗುಂಪಿಗೆ ಶುಭೋದಯ ಚಿತ್ರ ಕಳಿಸುತ್ತೇನೆ, ಬೇಕಿದ್ದರೆ ನಿಮಗೂ ಕಳಿಸುತ್ತೇನೆ.

ಪುಣೆಯವಳು
ಧನ್ಯವಾದ ಸರ್. ಆದರೆ ನಾನು ಕೇಳಿದ್ದು ನಮಸ್ಕಾರಕ್ಕೆ ಬದಲಿ ಮಾತಲ್ಲ. ಅವರು ಹಗುರಾಗಿ ಏನೋ ಕೇಳ್ತಾರಲ್ಲ, ಅದಕ್ಕೆ ಅಷ್ಟೇ ಹಗುರಾಗಿ ಹೇಗೆ ಮಾತಾಡೋದು ಅಂತ.

ಬಸವನಗುಡಿ ಬೆಣ್ಣೆ
ಇದಕ್ಕೆ ಇಷ್ಟು ಯೋಚನೆ ಬೇಡ. ‘ಏನಿಲ್ಲ’ ಅನ್ನೋದೇ ಸರಿಯಾದ ಉತ್ತರ, ನೀವು ಮೂರನೇ ದಿನ ಹೇಳಿದ್ದು ಸರಿಯಾಗೇ ಇದೆ. ಅವರು ಸುದ್ದಿ ಕೇಳ್ತಾ ಇಲ್ಲ, ನಿಮ್ಮನ್ನ ನೋಡಿದೆ ಅಂತ ತಿಳಿಸ್ತಾ ಇದ್ದಾರೆ. ಏನ್ ಸಮಾಚಾರ, ಏನ್ ವಿಶೇಷ, ಏನ್ ನಡೀತಿದೆ, ಎಲ್ಲ ಒಂದೇ. ನೀವೂ ಯಾವುದು ಬೇಕಾದರೂ ಕೇಳಿ.

ಗೊಂಬೆಯೂರು
ಬೆಣ್ಣೆ ಅವರು ಹೇಳಿದ್ದರಲ್ಲಿ ಅರ್ಧ ಸರಿ. ‘ಏನಿಲ್ಲ’ ಸರಿಯಾದ ಶುರು, ಆದರೆ ಅಲ್ಲಿಗೇ ನಿಲ್ಲಿಸಿದರೆ ಬಾಗಿಲು ಹಾಕಿದಂಗೆ. ‘ಏನಿಲ್ಲ, ನಿಮ್ದು?’ ಅನ್ನಬೇಕು. ಇಲ್ಲಾಂದ್ರೆ ‘ಏನಿಲ್ಲ, ನೀವೇ ಹೇಳ್ಬೇಕು’. ಕೇಳಿದವರ ಕೈಗೆ ಮಾತನ್ನು ವಾಪಸ್ ಕೊಡಬೇಕು, ಆಗಲೇ ಅದು ಮುಂದಕ್ಕೆ ಹೋಗೋದು.

ನಮ್ಮ ದೊಡ್ಡಪ್ಪ ಚನ್ನಪಟ್ಟಣದ ಹತ್ತಿರದ ಹಳ್ಳಿಯಲ್ಲಿ ರೈತರು. ಅವರು ಸ್ಪೀಕರ್ ಹಾಕಿಕೊಂಡೇ ಫೋನಿನಲ್ಲಿ ಮಾತಾಡೋದು, ಹಾಗಾಗಿ ಎರಡೂ ಕಡೆ ನಮಗೆ ಕೇಳಿಸುತ್ತೆ. ಮೊನ್ನೆ ಅವರಿಗಿಂತ ಚಿಕ್ಕವರೊಬ್ಬರು ಮಾಡಿದ ಫೋನ್ ಹೆಚ್ಚು ಕಡಿಮೆ ಹೀಗಿತ್ತು:

‘ಹಲೋ, ಏನಪ್ಪಾ ಸಮಾಚಾರ?’
‘ಏನಿಲ್ಲ ಅಣ್ಣಾ, ನೀವೇ ಹೇಳ್ಬೇಕು.’
‘ನಮ್ದೇನಪ್ಪ, ಹಿಂಗೇ ನಡೀತಾ ಐತೆ. ಮಳೆ ಹೆಂಗೆ ಆ ಕಡೆ?’
‘ಎಲ್ ಮಳೆ ಅಣ್ಣಾ, ಮೋಡ ಕಟ್ಟುತ್ತೆ, ಗಾಳಿ ಬಂದು ಎತ್ಕೊಂಡ್ ಹೋಯ್ತದೆ.’
‘ಇಲ್ಲೂ ಅದೇ. ಮತ್ತೆ?’
‘ಮತ್ತೇನಿಲ್ಲ.’
‘ಮನೇಲೆಲ್ಲ ಚೆನ್ನಾಗವ್ರಾ?’
‘ಹೂಂ ಅಣ್ಣಾ, ಎಲ್ಲಾ ಚೆನ್ನಾಗವ್ರೆ. ಅಣ್ಣಾ, ಒಂದ್ ವಿಷ್ಯ ಇತ್ತು.’

ಆಮೇಲೆ ಬಂತು ನೋಡಿ ನಿಜವಾದ ಮಾತು. ಅವರಿಗೆ ಭಾನುವಾರ ಟ್ರ್ಯಾಕ್ಟರ್ ಬೇಕಿತ್ತು. ಫೋನ್ ಮಾಡಿದ್ದೇ ಅದಕ್ಕೆ. ಆದರೂ ಸಮಾಚಾರ, ಮಳೆ, ಮನೆಯವರು, ಇಷ್ಟೂ ಮುಗಿದ ಮೇಲೆ ‘ಒಂದ್ ವಿಷ್ಯ ಇತ್ತು’ ಅಂದರು. ಮೊದಲ ‘ಏನಿಲ್ಲ’ ಸುಳ್ಳಲ್ಲ. ಇನ್ನೂ ವಿಷಯಕ್ಕೆ ಬರುವ ಹೊತ್ತಾಗಿಲ್ಲ ಅಂತ ಅದರ ಅರ್ಥ, ಅಷ್ಟೇ. ನೀವು ಮೊದಲ ದಿನ ಹೇಳಿದ ನೀರಿನ ಕಷ್ಟವೂ ತಪ್ಪಲ್ಲ. ಅದು ‘ಮತ್ತೆ?’ ಬಂದ ಮೇಲೆ ಹೇಳಬೇಕಾದ್ದು, ನೀವು ಸ್ವಲ್ಪ ಮುಂಚೆ ಹೇಳಿದಿರಿ.

ದನಿಯನ್ನೂ ಗಮನಿಸಿ. ‘ಏನಿಲ್ಲ’ ಅಂತ ಗಟ್ಟಿಯಾಗಿ, ಚಿಕ್ಕದಾಗಿ ಹೇಳಿದರೆ ಏನೋ ಬೇಜಾರಾಗಿದೆ ಅಂತ ಅನಿಸುತ್ತೆ. ‘ಏನಿಲ್ಲಾ…’ ಅಂತ ಕೊನೆಯನ್ನು ಸ್ವಲ್ಪ ಎಳೆದರೆ ಆರಾಮಾಗಿ ಕೇಳಿಸುತ್ತೆ. ಬರೆಯುವಾಗ ಈ ಎಳೆತ ಸಿಗಲ್ಲ. ಅದಕ್ಕೇ ಮೆಸೇಜಿನಲ್ಲಿ ಬರೀ ‘ಏನಿಲ್ಲ’ ಅಂತ ಕಳಿಸಿದರೆ ‘ಯಾಕೆ, ಕೋಪಾನಾ?’ ಅಂತ ಕೇಳ್ತಾರೆ.

ಇನ್ನು ‘ಏನ್ ನಡೀತಿದೆ?’ ಬಗ್ಗೆ. ಅದನ್ನು ಸಲೀಸಾಗಿ ಬಳಸಬೇಡಿ. ಗಲಾಟೆ ಮಾಡ್ತಿರೋ ತರಗತಿಯ ಬಾಗಿಲಲ್ಲಿ ನಿಂತು ಮೇಷ್ಟ್ರು ಕೇಳುವ ಪ್ರಶ್ನೆ ಅದು. ಆಪ್ತ ಸ್ನೇಹಿತರ ನಡುವೆ ನಡೆಯುತ್ತೆ, ಆಫೀಸಿನಲ್ಲಿ ತನಿಖೆ ಮಾಡಿದಂಗೆ ಇರುತ್ತೆ.

ಹಾಸನದ ಸೊಸೆ
‘ಏನ್ ವಿಶೇಷ’ದ ಬಗ್ಗೆ ಬೆಣ್ಣೆ ಅವರಿಗೆ ಒಂದು ಮಾತು ಹೇಳಲೇಬೇಕು, ಅದು ಎಲ್ಲರ ಹತ್ತಿರವೂ ಒಂದೇ ಅಲ್ಲ.

ನನಗೆ ಮದುವೆಯಾದ ಹೊಸತು. ಒಂದು ಗೃಹಪ್ರವೇಶಕ್ಕೆ ಹೋಗಿದ್ದೆವು. ಊಟಕ್ಕೆ ಕೂತಾಗ ಪಕ್ಕದ ಎಲೆಯವರು ‘ಏನಮ್ಮಾ, ಏನಾದ್ರೂ ವಿಶೇಷ ಇದೆಯಾ?’ ಅಂದರು. ನಾನು ಹೊಸ ಕೆಲಸ ಸಿಕ್ಕಿದ ಖುಷಿಯಲ್ಲಿದ್ದೆ, ‘ಹೂಂ ಆಂಟಿ, ಇದೆ’ ಅಂದುಬಿಟ್ಟೆ. ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ ನಮ್ಮ ಅತ್ತೆಯವರಿಗೆ ಇಬ್ಬರು ಬಂದು ಶುಭಾಶಯ ಹೇಳಿ ಆಗಿತ್ತು. ಅತ್ತೆಯವರು ನನ್ನ ಮುಖ ನೋಡಿದ ರೀತಿ ಇವತ್ತಿಗೂ ಮರೆತಿಲ್ಲ. ಆಮೇಲೆ ಎರಡು ವರ್ಷ ನಾವು ಡಾಕ್ಟರ ಹತ್ತಿರ ಓಡಾಡುತ್ತಿದ್ದೆವು. ಆಗೆಲ್ಲ ಯಾರಾದರೂ ‘ವಿಶೇಷ’ ಅಂದರೆ ಎದೆ ಧಸಕ್ ಅಂತಿತ್ತು. ಕೇಳಿದವರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇರಲಿಲ್ಲ, ಆದರೂ ನೋವಾಗುತ್ತಿತ್ತು.

ನನಗೆ ಕಂಡ ವ್ಯತ್ಯಾಸ ಹೇಳ್ತೀನಿ. ‘ಏನ್ ವಿಶೇಷ?’ ಅಂದರೆ ಏನು ಬೇಕಾದರೂ ಹೇಳಬಹುದು. ‘ವಿಶೇಷ ಇದೆಯಾ?’ ಅಥವಾ ‘ಏನಾದ್ರೂ ವಿಶೇಷಾನಾ?’ ಅಂದರೆ ಹೌದು, ಇಲ್ಲ ಎರಡೇ ಉತ್ತರ. ಹೊಸದಾಗಿ ಮದುವೆಯಾದವರಿಗೆ ಹಾಗೆ ಕೇಳಿದರೆ ಅದು ಬಸಿರಿನ ಪ್ರಶ್ನೆಯೇ. ಆದ್ದರಿಂದ ದಯವಿಟ್ಟು ಮದುವೆಯಾದ ಹೆಣ್ಣುಮಕ್ಕಳಿಗೆ ‘ಸಮಾಚಾರ’ ಅಂತಲೇ ಕೇಳಿ.

ಬಸವನಗುಡಿ ಬೆಣ್ಣೆ
ಇದು ನನ್ನ ತಲೆಗೇ ಬಂದಿರಲಿಲ್ಲ. ಕಳೆದ ತಿಂಗಳು ನನ್ನ ಚಿಕ್ಕಮ್ಮನ ಮಗಳಿಗೆ ನಾನೂ ಹಾಗೇ ಕೇಳಿದ್ದೆ, ಅವಳು ಮಾತು ಬದಲಾಯಿಸಿದಳು. ಈಗ ಯಾಕೆ ಅಂತ ಗೊತ್ತಾಯ್ತು. ಧನ್ಯವಾದ ಅಕ್ಕಾ.

ಕಡಲತಡಿ
ನಮ್ಮ ಉಡುಪಿ, ಮಂಗಳೂರು ಕಡೆ ಮಾತ್ರ ‘ಎಂತ ವಿಶೇಷ?’ ಅನ್ನೋದೇ ದಿನದ ಮಾತು. ಬಸ್ಸಿನಲ್ಲಿ ಸಿಕ್ಕಿದರೂ ಅದೇ, ಮೀನು ಮಾರ್ಕೆಟ್ಟಿನಲ್ಲಿ ಸಿಕ್ಕಿದರೂ ಅದೇ. ‘ಎಂತ ಇಲ್ಲ, ಹೀಗೇ’ ಅಂದರೆ ಆಯಿತು. ತುಳುವಿನಲ್ಲಿ ‘ದಾದ ವಿಶೇಷ?’ ಅಂತಾರೆ, ‘ದಾಲ ಇಜ್ಜಿ’ ಅಂತ ಉತ್ತರ. ತುಂಬಾ ಹತ್ತಿರದವರಾದರೆ ‘ಎಂತ ಮಾರಾಯ, ಕಾಣ್ಲಿಕ್ಕೇ ಇಲ್ಲ’ ಅಂತಲೂ ಉಂಟು.

ಆದರೆ ಸೊಸೆ ಅವರು ಹೇಳಿದ್ದು ನಮ್ಮಲ್ಲೂ ಉಂಟು. ಮದುವೆಯಾದ ಹೊಸತರಲ್ಲಿ ‘ವಿಶೇಷ ಉಂಟಾ?’ ಅಂತ ದನಿ ಇಳಿಸಿ ಕೇಳಿದರೆ ಅದೇ ಅರ್ಥ. ಗಟ್ಟಿ ದನಿಯ ‘ಎಂತ ವಿಶೇಷ’ ಬೇರೆ.

ಕಲಘಟಗಿ ತೊಟ್ಟಿಲು
ತಂಗೀ, ನೀವು ‘ಆರಾಮ್ರಿ’ ಅಂದಿರಲ್ಲ, ಓದಿ ಖುಷಿ ಆತು. ತಪ್ಪು ಅಂದ್ಕೋಬೇಡಿ. ಅದು ಸರಿಯಾದ ಉತ್ತರವೇ, ಆದರೆ ಬೇರೆ ಪ್ರಶ್ನೆಯದು. ನಮ್ಮ ಕಡೆ ‘ಆರಾಮ ಅದೀರಿ?’ ಅಂತ ಕೇಳೋದು ಮೈ ಹೇಗಿದೆ, ಮನಸ್ಸು ಹೇಗಿದೆ ಅಂತ. ‘ಅವರಿಗೆ ಆರಾಮ ಇಲ್ಲ’ ಅಂದರೆ ಜ್ವರನೋ ಏನೋ ಬಂದು ಮಲಗಿದ್ದಾರೆ ಅಂತ. ಮೈಸೂರಿನವರು ಕೇಳಿದ್ದು ಸುದ್ದಿ, ನೀವು ಹೇಳಿದ್ದು ತಬಿಯತ್ತು. ಅದಕ್ಕೇ ಅವರು ನಕ್ಕಿರಬೇಕು.

ಆದರೆ ನಿಮ್ಮ ಮನೆಯಲ್ಲೇ ಮುಂದಿನ ಮೆಟ್ಟಿಲು ಇರುತ್ತೆ ನೋಡಿ, ನೆನಪು ಮಾಡಿಕೊಳ್ಳಿ. ನಿಮ್ಮ ಅಪ್ಪ ಊರಿಗೆ ಫೋನ್ ಹಚ್ಚಿದಾಗ ‘ಆರಾಮ?’ ‘ಆರಾಮ. ನೀವು?’ ‘ನಾವೂ ಆರಾಮ’ ಆದ ಮೇಲೆ ಒಂದು ಗಳಿಗೆ ಸುಮ್ಮನಿದ್ದು ‘ಮತ್ತೇನ್ರಿ?’ ಅಂತಾರೆ, ಅಲ್ವಾ? ಆ ಕಡೆಯಿಂದ ‘ಏನಿಲ್ರಿ, ನೀವ ಹೇಳ್ಬೇಕು’ ಅಂತ ಬರುತ್ತೆ. ಗೊಂಬೆಯೂರು ಅವರ ದೊಡ್ಡಪ್ಪನ ಮಾತೂ ಅದೇ ಜಾಗಕ್ಕೆ ಬಂದು ನಿಂತಿದೆ. ನಮ್ಮಲ್ಲಿ ಎರಡನೇ ಸಾಲಿಗೆ ಬರೋದು ಅಲ್ಲಿ ಮೊದಲನೇ ಸಾಲಿಗೇ ಬರುತ್ತೆ, ಅಷ್ಟೇ. ನೀವು ಹೊಸದೇನೂ ಕಲೀಬೇಕಾಗಿಲ್ಲ.

ಪುಣೆಯವಳು
ಅಣ್ಣಾ, ನಿಜ! ಅಪ್ಪ ಪ್ರತಿ ಭಾನುವಾರ ಕಾಕಾ ಅವರ ಜೊತೆ ಹೀಗೇ ಮಾತಾಡ್ತಾರೆ. ‘ಮತ್ತ?’ ‘ಮತ್ತೇನಿಲ್ಲ.’ ‘ಮತ್ತ?’ ಇಷ್ಟೇ ಐದು ನಿಮಿಷ ನಡೆಯುತ್ತೆ. ಇಬ್ಬರೂ ಏನೂ ಮಾತಾಡ್ತಿಲ್ಲ ಅಂತ ಅಂದುಕೊಳ್ಳುತ್ತಿದ್ದೆ.

ಕೆಂಗೇರಿ ಗೇಟ್
ನನ್ನದೊಂದು ಪ್ರಕರಣ ಇದೆ, ಇದಕ್ಕೆ ಸೇರುತ್ತೋ ಇಲ್ಲವೋ ನೋಡಿ. ನನ್ನ ಹೆಂಡತಿಯ ಅಣ್ಣ ನನಗಿಂತ ಎಂಟು ವರ್ಷ ದೊಡ್ಡವರು. ಅವರ ಜೊತೆ ಸಲುಗೆ ಚೆನ್ನಾಗೇ ಇದೆ, ಕ್ರಿಕೆಟ್ ನೋಡುವಾಗ ಭುಜಕ್ಕೆ ಭುಜ ತಾಗಿಸಿ ಕೂರುತ್ತೇವೆ. ಒಂದು ದಿನ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ‘ಏನಪ್ಪಾ ಭಾವ, ಸಮಾಚಾರ?’ ಅಂತ ಹಾಕಿದೆ. ಅವರು ಏನೂ ಬರೆಯಲಿಲ್ಲ. ಸಂಜೆ ನಮ್ಮ ಅತ್ತೆ ನನ್ನ ಹೆಂಡತಿಗೆ ಫೋನ್ ಮಾಡಿ ‘ಅಳಿಯಂದಿರು ಯಾಕೆ ಹಂಗೆ ಮಾತಾಡಿದ್ರು?’ ಅಂತ ಕೇಳಿದ್ದಾರೆ.

ಹೆಂಡತಿ ಹೇಳಿದ ಮೇಲೆ ಅರ್ಥ ಆಯ್ತು. ಆ ‘ಅಪ್ಪಾ’ ಮೇಲಿನವರಿಂದ ಕೆಳಗಿನವರಿಗೆ ಬರುವ ಮಾತು, ಇಲ್ಲಾ ಸರೀಕರ ನಡುವೆ ಓಡಾಡುವ ಮಾತು. ಭಾವ ನನಗೆ ‘ಏನಪ್ಪಾ’ ಅನ್ನಬಹುದು, ನಾನು ಅವರಿಗೆ ಅನ್ನುವ ಹಾಗಿಲ್ಲ. ನಮ್ಮ ಸಲುಗೆ ಅವರಿಗೆ ಗೊತ್ತು, ಆದರೆ ಆ ಗುಂಪಿನಲ್ಲಿ ಹನ್ನೊಂದು ಜನ ಓದುತ್ತಿದ್ದರು.

ಎರಡು ವಾರ ಬಿಟ್ಟು ‘ಏನ್ ಭಾವ ಸಮಾಚಾರ, ಪತ್ತೇನೇ ಇಲ್ಲ?’ ಅಂತ ಬರೆದೆ. ತಕ್ಷಣ ಉತ್ತರ ಬಂತು: ‘ನಾನ್ ಇಲ್ಲೇ ಇದೀನಪ್ಪಾ, ನಿಮ್ದೇ ಪತ್ತೆ ಇಲ್ಲ.’ ಮಾತು ಒಂದೇ, ‘ಅಪ್ಪಾ’ ಯಾರ ಬಾಯಲ್ಲಿ ಇರಬೇಕೋ ಅಲ್ಲಿಗೆ ಹೋಗಿತ್ತು.

ಗೊಂಬೆಯೂರು
ಚೆನ್ನಾಗಿ ಹಿಡಿದಿದ್ದೀರಿ. ‘ಪತ್ತೇನೇ ಇಲ್ಲ’ ಬಗ್ಗೆ ಪುಣೆಯವರಿಗೆ ಒಂದು ಮಾತು. ಯಾರಾದರೂ ಹಾಗೆ ಅಂದರೆ ‘ಸಾರಿ, ಕೆಲಸ ಜಾಸ್ತಿ ಇತ್ತು’ ಅಂತ ಕ್ಷಮೆ ಕೇಳೋಕೆ ಹೋಗಬೇಡಿ. ಅದು ದೂರು ಅಲ್ಲ, ನಿಮ್ಮನ್ನ ನೆನೆಸಿಕೊಂಡೆ ಅಂತ ಹೇಳೋ ರೀತಿ. ಭಾವ ಮಾಡಿದ ಹಾಗೆ ಅದನ್ನೇ ತಿರುಗಿಸಿ ಕೊಡಬೇಕು.

ಹೆಂಗಸರ ನಡುವೆ ‘ಏನೇ’, ಗಂಡಸರಿಗೆ ‘ಏನೋ’, ಇವು ಬಾಲ್ಯದ ಗೆಳೆತನ ಇದ್ದರೆ ಮಾತ್ರ. ‘ಗುರು’ ಬೆಂಗಳೂರು, ಮೈಸೂರಲ್ಲಿ ಸ್ವಲ್ಪ ಪರಿಚಯ ಇರುವವರಿಗೂ ನಡೆಯುತ್ತೆ. ‘ಮಗಾ’ ಅನ್ನೋಕೆ ಒಟ್ಟಿಗೆ ಓದಿರಬೇಕು ಅಥವಾ ಒಟ್ಟಿಗೆ ರೂಮಿನಲ್ಲಿ ಇದ್ದಿರಬೇಕು.

ಹಳೇ ಅಂಚೆ
ನಾನು ಮೂವತ್ತು ವರ್ಷ ಕಾಗದ ಹಂಚಿದವನು. ಓದು ಬರಹ ಬಾರದವರ ಮನೆ ಜಗಲಿಯಲ್ಲಿ ಕೂತು ಎಷ್ಟೋ ಕಾಗದ ಓದಿ ಹೇಳಿದ್ದೇನೆ, ಬರೆದೂ ಕೊಟ್ಟಿದ್ದೇನೆ. ಈ ‘ಸಮಾಚಾರ’ ಅಲ್ಲಿಯೂ ಇತ್ತು. ಮೇಲೆ ‘ಉಭಯಕುಶಲೋಪರಿ ಸಾಂಪ್ರತ’, ಆಮೇಲೆ ‘ನಾವೆಲ್ಲ ಇಲ್ಲಿ ಕ್ಷೇಮ, ನಿಮ್ಮ ಕ್ಷೇಮ ಸಮಾಚಾರಕ್ಕೆ ಕಾಗದ ಬರೆಯಿರಿ’. ಕಾಗದದಲ್ಲಿ ನಮ್ಮ ಕ್ಷೇಮ ಮೊದಲು ಹೇಳಿ ಅವರದು ಕೇಳಬೇಕಿತ್ತು, ಯಾಕೆಂದರೆ ಉತ್ತರ ಬರೋಕೆ ದಿನಗಳೇ ಹಿಡಿಯುತ್ತಿದ್ದವು. ಎದುರಿಗೆ ಸಿಕ್ಕಾಗ ಅವರದು ಮೊದಲು. ಕ್ಷೇಮ ಮುಗಿದ ಮೇಲೆ ‘ತರುವಾಯ’ ಅಂತ ಬರೆಯುತ್ತಿದ್ದರು, ಅಲ್ಲಿಂದ ವಿಷಯ ಶುರು: ಹಸು ಕರು ಹಾಕಿದ್ದು, ದುಡ್ಡು ಬೇಕಾಗಿದ್ದು. ಈಗಿನ ‘ಮತ್ತೆ?’ ಅಂದರೆ ನನಗೆ ಆ ‘ತರುವಾಯ’ವೇ ನೆನಪಾಗುತ್ತೆ.

ಸಮಾಚಾರ ಅನ್ನೋ ಪದ ಸುದ್ದಿ ಅನ್ನೋ ಗಟ್ಟಿ ಅರ್ಥದಲ್ಲಿ ಇದ್ದದ್ದೇ. 1843ರಲ್ಲಿ ಹೆರ್ಮನ್ ಮೋಗ್ಲಿಂಗ್ ಶುರು ಮಾಡಿದ ಮೊದಲ ಕನ್ನಡ ಪತ್ರಿಕೆಯ ಹೆಸರೇ ‘ಮಂಗಳೂರು ಸಮಾಚಾರ’. ಆದ್ದರಿಂದ ಆ ಹುಡುಗಿ ಸುದ್ದಿ ಕೇಳಿದರು ಅಂದುಕೊಂಡಿದ್ದರಲ್ಲಿ ಏನೂ ತಪ್ಪಿಲ್ಲ.

ಒಂದು ಮಾತು ಮಾತ್ರ ನನಗೆ ಒಪ್ಪಿಗೆ ಇಲ್ಲ. ಚಿಕ್ಕವರು ದೊಡ್ಡವರಿಗೆ ‘ಏನ್ ಸಮಾಚಾರ’ ಅಂತ ಮೊದಲು ಕೇಳಬಾರದು. ಕೇಳುವುದು ದೊಡ್ಡವರ ಹಕ್ಕು. ಚಿಕ್ಕವರು ‘ಚೆನ್ನಾಗಿದ್ದೀರಾ?’ ಅನ್ನಬೇಕು.

ಕೆಂಗೇರಿ ಗೇಟ್
ಅಂಚೆಯವರೇ, ನಾನು ಭಾವನಿಗೆ ಕೇಳಿದ್ದು ಅದೇ ತಾನೇ, ಅವರು ಖುಷಿಯಾಗೇ ಉತ್ತರ ಕೊಟ್ಟರು.

ಹಳೇ ಅಂಚೆ
ಭಾವ ಬೇರೆ, ಅಲ್ಲಿ ಸಲುಗೆಗೆ ಜಾಗ ಇದೆ. ಮಾವನವರಿಗೆ ಕೇಳ್ತೀರಾ?

ಕೆಂಗೇರಿ ಗೇಟ್
ಇಲ್ಲ, ಅದು ಸಾಧ್ಯ ಇಲ್ಲ.

ಹಾಸನದ ಸೊಸೆ
ನನ್ನ ಮಗಳು ತಾತನಿಗೆ ‘ಏನ್ ತಾತ ಸಮಾಚಾರ?’ ಅಂತಾಳೆ, ಅವರಿಗೆ ಅದೇ ಇಷ್ಟ. ನಾನು ಹಾಗೆ ಕೇಳಿದರೆ ಖಂಡಿತ ಚೆನ್ನಾಗಿರಲ್ಲ. ವಯಸ್ಸೊಂದೇ ಅಲ್ಲ, ಸಂಬಂಧವೂ ಬೇಕು ಅನಿಸುತ್ತೆ.

ಹಳೇ ಅಂಚೆ
ಮೊಮ್ಮಕ್ಕಳ ಮಾತು ಬೇರೆ. ಉಳಿದವರ ವಿಷಯದಲ್ಲಿ ನನ್ನ ಅಭಿಪ್ರಾಯ ಅದೇ.

ಪುಣೆಯವಳು
ಇವತ್ತು ನಡೆದದ್ದು ಬರೆಯುತ್ತೇನೆ. ಬೆಳಿಗ್ಗೆ ಲಿಫ್ಟಿನ ಹತ್ತಿರ ಅದೇ ಸರ್ ಸಿಕ್ಕರು.

‘ಏನ್ ಸಮಾಚಾರ?’
‘ಏನಿಲ್ಲ ಸರ್, ಹೀಗೇ ನಡೀತಾ ಇದೆ. ನಿಮ್ದು?’
‘ನಮ್ದೂ ಅದೇ. ಮತ್ತೆ?’

ಇಲ್ಲಿ ಒಂದು ಗಳಿಗೆ ನಿಂತೆ. ಆಮೇಲೆ ‘ನಿನ್ನೆ ನೀರು ಬಂತು ಸರ್’ ಅಂದೆ.
‘ಹೋ, ಬಂತಾ! ನಾನೇ ಕೇಳಬೇಕು ಅಂತಿದ್ದೆ.’

ಅವರಿಗೆ ಮೊದಲ ದಿನ ನಾನು ಹೇಳಿದ್ದೆಲ್ಲ ನೆನಪಿತ್ತು. ಅವರ ಬೀದಿಯಲ್ಲೂ ಒಂದು ದಿನ ಬಿಟ್ಟು ಒಂದು ದಿನ ನೀರಂತೆ, ಬೆಳಿಗ್ಗೆ ಐದಕ್ಕೆ ಎದ್ದು ಡ್ರಮ್ ತುಂಬಿಸ್ತಾರಂತೆ. ನಾಲ್ಕನೇ ಮಹಡಿ ಬಂದರೂ ಬಾಗಿಲ ಹತ್ತಿರ ನಿಂತು ಮಾತಾಡಿದೆವು.

ಇನ್ನೊಂದು ಕೇಳಬೇಕಿತ್ತು. ಗೇಟಿನಲ್ಲಿ ವಯಸ್ಸಾದ ಸೆಕ್ಯುರಿಟಿ ಒಬ್ಬರಿದ್ದಾರೆ. ದಿನಾ ನನ್ನ ಸ್ಕೂಟರಿಗೆ ನೆರಳು ಇರುವ ಜಾಗ ತೋರಿಸ್ತಾರೆ. ಅವರ ಜೊತೆ ನಾನೇ ಮೊದಲು ಮಾತು ಶುರು ಮಾಡಬೇಕು. ಅಂಚೆಯವರು ಹೇಳಿದ ಮೇಲೆ ‘ಸಮಾಚಾರ’ ಅನ್ನೋಕೆ ಧೈರ್ಯ ಇಲ್ಲ.

ಗೊಂಬೆಯೂರು
‘ತಿಂಡಿ ಆಯ್ತಾ ತಾತ?’ ಅನ್ನಿ. ದೊಡ್ಡವರು, ಚಿಕ್ಕವರು ಯಾರು ಯಾರಿಗೆ ಬೇಕಾದರೂ ಕೇಳಬಹುದು. ಹೊತ್ತು ಮಾತ್ರ ನೋಡಿಕೊಳ್ಳಿ. ಬೆಳಿಗ್ಗೆ ಹತ್ತು, ಹತ್ತೂವರೆವರೆಗೆ ತಿಂಡಿ, ಮಧ್ಯಾಹ್ನದ ಮೇಲೆ ಊಟ, ಸಂಜೆ ಕಾಫಿ. ನೀವು ತಿಂಡಿ ಕೊಡಿಸಬೇಕು ಅಂತ ಯಾರೂ ಅಂದುಕೊಳ್ಳಲ್ಲ. ಅವರು ‘ಆಯ್ತಮ್ಮ, ನಿಮ್ದು?’ ಅಂತಾರೆ. ನಿಮ್ಮದು ಆಗಿರದಿದ್ದರೆ ‘ಇನ್ನೂ ಇಲ್ಲ ತಾತ, ಈಗ ಹೋಗಿ ತಿನ್ನಬೇಕು’ ಅಂದರೆ ಸಾಕು.

ಕಲಘಟಗಿ ತೊಟ್ಟಿಲು
ಅವರು ನಮ್ಮ ಕಡೆಯವರಾಗಿದ್ದರೆ ‘ನಾಷ್ಟಾ ಆತೇನ್ರಿ ಅಜ್ಜಾರ?’ ಅನ್ನಿ. ನಿಮ್ಮ ಮನೆ ಮಾತಿನಲ್ಲೇ ಆಯ್ತು.

ಪುಣೆಯವಳು
ಅವರು ಯಾವ ಊರಿನವರು ಅಂತ ಇನ್ನೂ ಗೊತ್ತಿಲ್ಲ ಅಣ್ಣಾ. ನಾಳೆ ಎರಡನೇ ‘ಮತ್ತೆ?’ಗೆ ಅದನ್ನೇ ಕೇಳ್ತೀನಿ.